‘ನೀನು’ ಹೋದರೂ ಆರೋಪ ಹೋಗುವುದಿಲ್ಲ

ಪ್ರಶ್ನೆ: ನಾವು ಅಣ್ಣತಮ್ಮಂದಿರು ಅಡಿಕೆ ತೋಟವನ್ನು ಒಟ್ಟಿಗೆ ನೋಡಿಕೊಳ್ಳುತ್ತೇವೆ. ದುಡ್ಡಿನ ಲೆಕ್ಕ ನನ್ನದು, ಆಳುಗಳನ್ನು ಕರೆಸುವುದು ತಮ್ಮನದು. ಈ ಸಲ ಎರಡನೇ ಮದ್ದು ತಡವಾಗಿ ಕೊಳೆರೋಗ ಬಂತು. ‘ನೀನು ಯಾವತ್ತೂ ಹೇಳಿದ ಕೆಲಸ ಮಾಡುವವನಲ್ಲ’ ಎಂದುಬಿಟ್ಟೆ. ಅಂದಿನಿಂದ ಮಾತಿಲ್ಲ. ‘ನೀನು’ ಎನ್ನದೆ ಮಾತನಾಡಬೇಕೆಂದು ಎಲ್ಲೋ ಓದಿ ಹಾಗೆಯೇ ಹೇಳಿದೆ, ಇನ್ನೂ ಕೆಟ್ಟಿತು. ಹೇಗೆ ಹೇಳಲಿ?
— ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ಮಳೆಗಾಲ ಅರ್ಧವಾಯಿತೆಂದರೆ ಈ ಪತ್ರ ನನಗೆ ಕೊಳೆಯಷ್ಟೇ ಖಾತ್ರಿಯಾಗಿ ಬರುತ್ತದೆ. ತೋಟ ಬೇರೆ, ಮನೆತನ ಬೇರೆ, ವಾಕ್ಯ ಮಾತ್ರ ಅದೇ. ಕೋಪ ಬಂದಾಗ ನೀರು ಕುಡಿಯಿರಿ, ಹತ್ತು ಎಣಿಸಿ ಎಂಬ ಪಾಠವನ್ನು ಇಲ್ಲಿ ಮಾಡುವುದಿಲ್ಲ. ಅದು ನಿಮಗೆ ಗೊತ್ತಿದೆ.

ನೀವು ಓದಿದ ಸಲಹೆಯ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಾರ್ಡನ್. ದೂರನ್ನು ‘ನೀನು’ವಿನಿಂದಲ್ಲ, ‘ನಾನು’ವಿನಿಂದ ಶುರು ಮಾಡಿ ಎಂದು 1960ರ ದಶಕದಲ್ಲಿ ಅವರು ಕಲಿಸಿದ್ದು ಇಂಗ್ಲಿಷ್ ಮಾತನಾಡುವವರಿಗೆ. ಆ ಭಾಷೆಯಲ್ಲಿ ‘ನೀನು’ ತೆಗೆದರೆ ವಾಕ್ಯವೇ ಕುಸಿಯುತ್ತದೆ, ಬೇರೆ ವಾಕ್ಯ ಕಟ್ಟದೆ ವಿಧಿಯಿಲ್ಲ. ಕನ್ನಡದಲ್ಲಿ ಹಾಗಲ್ಲ. ನಮ್ಮ ಆರೋಪಿ ಕ್ರಿಯಾಪದದ ಬಾಲದಲ್ಲೇ ಕುಳಿತಿರುತ್ತಾನೆ. ‘ನೀನು ಮರೆತುಬಿಡುತ್ತೀಯ’ ಎಂಬುದರಲ್ಲಿ ‘ನೀನು’ ಕಿತ್ತು ಹಾಕಿ, ‘ಮರೆತುಬಿಡುತ್ತೀಯ’ ಹಾಗೆಯೇ ಉಳಿಯುತ್ತದೆ. ನೀವು ಪದ ತೆಗೆದಿರಿ, ಬೆರಳು ತೋರಿಸುವುದನ್ನು ಬಿಡಲಿಲ್ಲ.

ಬಾಲವನ್ನೂ ತೆಗೆದೆ ಎನ್ನುವವರು ಇನ್ನೆಲ್ಲೋ ಸಿಕ್ಕಿಬೀಳುತ್ತಾರೆ. ‘ಈ ಸಲವಾದರೂ ಮದ್ದು ಹೊತ್ತಿಗೆ ಸರಿಯಾಗಿ ಆಗಲಿ’ ಎಂಬ ಮಾತಿನಲ್ಲಿ ‘ನೀನು’ ಎಲ್ಲಿಯೂ ಇಲ್ಲ. ಆದರೆ ಆ ‘ಆದರೂ’ ಒಳಗೆ ಹಿಂದಿನ ಐದು ವರ್ಷದ ದೂರು ತುಂಬಿದೆ. ‘ಮತ್ತೆ’, ‘ಯಾವತ್ತೂ’ ಇವೂ ಅಂಥವೇ. ‘ನಿನಗೆ ಜವಾಬ್ದಾರಿ ಇಲ್ಲ ಎಂದು ನನಗನಿಸುತ್ತದೆ’ ಎಂದರೆ ಅದು ಅನಿಸಿಕೆಯ ಅಂಗಿ ತೊಟ್ಟ ಬೈಗುಳ. ನಮ್ಮ ಕಡೆಯ ವಿಶೇಷ ಇನ್ನೊಂದಿದೆ: ತಮ್ಮ ಎದುರಿಗೇ ಕುಳಿತಿರುವಾಗ ಕವಳದ ಬಟ್ಟಲು ನೋಡುತ್ತ, ‘ಕೆಲವರಿಗೆ ತೋಟವೆಂದರೆ ಅಷ್ಟಕ್ಕಷ್ಟೆ’ ಎನ್ನುವುದು. ನೇರವಾಗಿ ಬೈದದ್ದಕ್ಕಿಂತ ಇದು ಆಳಕ್ಕೆ ಇಳಿಯುತ್ತದೆ, ಏಕೆಂದರೆ ಉತ್ತರ ಕೊಡಲು ಅವನಿಗೆ ಜಾಗವೇ ಇರುವುದಿಲ್ಲ.

ಹಾಗಾದರೆ ದಾರಿ? ವಾಕ್ಯದ ಕರ್ತೃ ಸ್ಥಾನದಿಂದ ತಮ್ಮನನ್ನು ಎಬ್ಬಿಸಿ ಅಲ್ಲಿ ಮದ್ದನ್ನೋ ದಿನವನ್ನೋ ಅಡಿಕೆ ಕೊನೆಯನ್ನೋ ಕೂರಿಸಿ. ಇದಕ್ಕೆ ಕನ್ನಡದಲ್ಲಿ ‘ಆಗು’ ಎಂಬ ಒಳ್ಳೆಯ ಕ್ರಿಯಾಪದವಿದೆ. ‘ಮದ್ದು ಹೊಡೆಸಿಲ್ಲ’ ಎಂದರೆ ಯಾರು ಹೊಡೆಸಿಲ್ಲ ಎಂಬುದು ಹಿಂದೆಯೇ ಬರುತ್ತದೆ. ‘ಮದ್ದು ಆಗಿಲ್ಲ’ ಎಂದರೆ ಕಣ್ಣು ತೋಟದ ಕಡೆ ಹೋಗುತ್ತದೆ. ನಿಮ್ಮ ಮಾತು ಹೀಗಿರಲಿ: ‘ತಮ್ಮಾ, ಕೆಳಗಿನ ತೋಟಕ್ಕೆ ಎರಡನೇ ಮದ್ದು ಇನ್ನೂ ಆಗಿಲ್ಲ. ಮೊದಲನೆಯದು ಆಗಿ ಇವತ್ತಿಗೆ 58 ದಿನ. ಬೆಳಿಗ್ಗೆ ಉದುರಿದ ಕಾಯಿ ಅರ್ಧ ಬುಟ್ಟಿ ಸಿಕ್ಕಿತು. ಮೇಲಿನ ತೋಟಕ್ಕೂ ಹಬ್ಬೀತೆಂದು ನನಗೆ ಹೆದರಿಕೆ.’ ದಿನದ ಲೆಕ್ಕ ನಿಮ್ಮದನ್ನು ಹಾಕಿಕೊಳ್ಳಿ. ಎಣಿಸಿದ್ದನ್ನೇ ಹೇಳಿ, ಊಹಿಸಿದ್ದನ್ನಲ್ಲ. ಅರ್ಧ ಬುಟ್ಟಿಗೆ ಯಾರೂ ಎದುರು ವಾದ ಹೂಡುವುದಿಲ್ಲ, ‘ರಾಶಿ ರಾಶಿ ಹಾಳಾಯಿತು’ ಎಂಬುದಕ್ಕೆ ಹೂಡುತ್ತಾರೆ. 40–45 ದಿನಕ್ಕೆ ಎರಡನೆಯದು ಆಗಬೇಕೆಂಬುದು ಅವನಿಗೂ ಗೊತ್ತಿದೆ, ಆದ್ದರಿಂದ ‘ಆಗಬೇಕಿತ್ತು’ ಎಂಬುದನ್ನು ನುಂಗಿಕೊಳ್ಳಿ. ಆ ‘ಇತ್ತು’ ನಿಮ್ಮಿಬ್ಬರನ್ನೂ ಹಿಂದಕ್ಕೆ ಎಳೆಯುತ್ತದೆ.

ಇದಾದ ಮೇಲೆ ಒಂದು ಪ್ರಶ್ನೆ, ಅದೂ ಮುಂದಿನ ಕೆಲಸದ್ದು, ಮರ ಹತ್ತಿ ಮದ್ದು ಹೊಡೆಯುವ ಆಳಿನ ಬಗ್ಗೆ: ‘ಕೊನೆಗೌಡನಿಗೆ ಯಾವತ್ತು ಬಿಡುವಿದೆ?’ ‘ಯಾಕೆ ಬರಲಿಲ್ಲ’ ಎಂದು ಕೇಳಬೇಡಿ. ‘ಯಾಕೆ’ ಎಂದೊಡನೆ ಮನುಷ್ಯ ಕಟಕಟೆ ಹತ್ತಿ ನಿಲ್ಲುತ್ತಾನೆ. ಕೇಳಿದ ಮೇಲೆ ಸುಮ್ಮನಿರಿ. ನನ್ನ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿಯೇ. ಪ್ರಶ್ನೆ ಚೆನ್ನಾಗಿ ಕೇಳಿ, ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ.

ನಿಮ್ಮಂತೆಯೇ ಇದ್ದ ಒಂದು ಮನೆಯಲ್ಲಿ ತಮ್ಮ ಬಹಳ ಹೊತ್ತು ಬಾಗಿಲ ಕಡೆ ನೋಡಿ, ಕೊನೆಗೆ, ‘ಹೋದ ವರ್ಷದ ಕೊಯ್ಲಿನ ಬಾಕಿ ಸಿಗದೆ ಮರ ಹತ್ತುವುದಿಲ್ಲ ಎಂದು ಕೊನೆಗೌಡ ಹೇಳಿ ಮೂರು ವಾರವಾಯಿತು’ ಎಂದ. ದುಡ್ಡಿನ ಪೆಟ್ಟಿಗೆ ಇದ್ದದ್ದು ಅಣ್ಣನ ಬಳಿ. ಬಾಕಿ ಕೇಳಿದರೆ ‘ಆಳುಗಳನ್ನು ನೀನೇ ತಲೆಗೇರಿಸಿಕೊಂಡಿದ್ದೀಯ’ ಎಂಬ ಮಾತು ಕೇಳಬೇಕಾಗುತ್ತದೆಂದು ಅವನು ಸುಮ್ಮನಿದ್ದ. ಅಣ್ಣ ಅಲ್ಲೇ, ‘ಬಾಕಿ ಉಳಿಸಿದ್ದು ನಾನು’ ಎಂದರು. ಆ ಸಂಜೆ ಅವರು ಬರೆದುಕೊಂಡದ್ದು ಇಷ್ಟೆ: ಬಾಕಿ ನಾಳೆ ಅಣ್ಣ ಕೊಡುವುದು, ಮೈಲುತುತ್ತು ಸುಣ್ಣ ಎಷ್ಟಿದೆ ಎಂದು ತಮ್ಮ ನೋಡುವುದು, ಮಳೆ ಹೊಳವಾದ ಮೊದಲ ದಿನ ಕೆಳಗಿನ ತೋಟ, ಅಲ್ಲಿಯವರೆಗೆ ಉದುರಿದ ಕಾಯಿ ಹೆಕ್ಕಿ ಹೊರಗೆ ಹಾಕುವುದು. ನಿಮ್ಮ ಮನೆಯಲ್ಲೂ ಕಾರಣ ಇದೇ ಎಂದು ನಾನು ಹೇಳುತ್ತಿಲ್ಲ. ಆದರೆ ದುಡ್ಡಿನ ಲೆಕ್ಕ ನಿಮ್ಮದು ಎಂದು ನೀವೇ ಬರೆದಿದ್ದೀರಿ, ಒಮ್ಮೆ ಪುಸ್ತಕ ತೆರೆದು ನೋಡಿ.

ಆ ಅಣ್ಣ ‘ನಾನು’ ಎಂದದ್ದನ್ನು ಗಮನಿಸಿ. ‘ಆಗು’ ಎದುರಿನವರ ತಪ್ಪಿಗೆ, ನಮ್ಮದಕ್ಕಲ್ಲ. ‘ನೀನು ಯಾವತ್ತೂ’ ಎಂದು ಹೇಳಿ, ಈಗ ‘ಏನೋ ಮಾತು ಬಂತು, ಆಗಿಹೋಯಿತು’ ಎಂದರೆ ತಮ್ಮ ಇನ್ನೂ ದೂರ ಹೋಗುತ್ತಾನೆ. ‘ಆ ಮಾತು ನಾನು ಆಡಬಾರದಿತ್ತು’ ಎಂದು ಮೊದಲು ಹೇಳಿ, ಮದ್ದಿನ ಮಾತು ಆಮೇಲೆ.

ಹೇಳಿದ್ದು ಸರಿಯಾಯಿತೇ ಎಂದು ತಿಳಿಯುವುದು ಅವನ ಉತ್ತರದಲ್ಲಿ. ದಿನ, ಆಳು, ಬಾಕಿ ಎಂದು ಸುದ್ದಿ ಬಂದರೆ ದಾರಿ ಸರಿಯಿದೆ. ‘ಎಲ್ಲ ನನ್ನ ಮೇಲೆಯೇ ಹಾಕು’ ಎಂದರೆ ಎಲ್ಲೋ ಒಂದು ‘ಆದರೂ’ ನುಸುಳಿದೆ. ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ವಾದಿಸದೆ, ‘ಹಾಗೆ ಕೇಳಿಸಿತೇ, ಸರಿ, ಇನ್ನೊಮ್ಮೆ ಹೇಳುತ್ತೇನೆ’ ಎಂದರೆ ಸಾಕು. ಒಪ್ಪಿದ ದಿನ ಎರಡು ಸಲ ತಪ್ಪಿದರೆ ವಿಷಯ ಮದ್ದಿನದಲ್ಲ, ಒಪ್ಪಂದದ್ದು. ಆಗ, ‘ಎರಡು ಸಲ ಗೊತ್ತು ಮಾಡಿದ ದಿನ ದಾಟಿತು, ಈ ಕೆಲಸ ಯಾರ ಕೈಯಲ್ಲಿ ಇರಬೇಕು ಎಂದು ಮಾತಾಡೋಣ’ ಎನ್ನಿ. ಅಲ್ಲಿಯೂ ಜಾಣ ಪದಗಳ ಹಿಂದೆ ಅಡಗಬೇಡಿ.

ಪ್ರಶ್ನೆ: ಹಾಗಾದರೆ ಮನೆಯಲ್ಲಿ ‘ನೀವು’ ಎಂಬ ಪದವನ್ನೇ ಬಿಡಬೇಕೇ?
— ಕಾರವಾರದ ಓದುಗರು

ಉತ್ತರ: ‘ನೀವು ಊಟ ಮಾಡಿದಿರಾ’ ಎಂಬುದರಲ್ಲಿ ಯಾವ ಆರೋಪವಿದೆ?

ಪ್ರಶ್ನೆ: ಸೊಸೆ ಎದುರು ಮಾತನಾಡುವುದು ನಿಲ್ಲಲು ಒಬ್ಬರು ಐದು ಸಾವಿರ ಪಡೆದು ತಾಯಿತ ಕೊಟ್ಟಿದ್ದಾರೆ. ಜೊತೆಗೆ ನಿಮ್ಮ ವಿಧಾನವನ್ನೂ ಮಾಡಬಹುದೇ?
— ಕುಮಟಾದ ಓದುಗರು

ಉತ್ತರ: ಮೊದಲು ಐದು ಸಾವಿರ ವಾಪಸು ಕೇಳಿ. ಸೊಸೆಯ ಬಾಯಿ ಮುಚ್ಚಿಸುವ ವಿಧಾನ ನನ್ನ ಬಳಿ ಇಲ್ಲ.

ಪ್ರಶ್ನೆ: ಕುಡಿದು ಬಂದಾಗ ಗಂಡ ಹೊಡೆಯುತ್ತಾರೆ. ನಾನು ಮಾತು ಬದಲಿಸಿದರೆ ಅವರು ಬದಲಾಗುತ್ತಾರೆಯೇ?
— ಹೊನ್ನಾವರದ ಓದುಗರು

ಉತ್ತರ: ಇಲ್ಲ. ನಿಮ್ಮ ಮಾತಿನಿಂದ ಆ ಏಟು ಬೀಳುತ್ತಿಲ್ಲ, ಆದ್ದರಿಂದ ಮಾತಿನಿಂದ ನಿಲ್ಲುವುದೂ ಇಲ್ಲ. ‘ಹೊಡೆತ ಆಯಿತು’ ಎಂದಲ್ಲ, ‘ಅವರು ಹೊಡೆದರು’ ಎಂದೇ ಹೇಳಿ, ಪೊಲೀಸರಿಗೂ ವೈದ್ಯರಿಗೂ. ಮಹಿಳಾ ಸಹಾಯವಾಣಿ 181. ಹೊಡೆಯುತ್ತಿರುವ ಹೊತ್ತಿಗೆ 112. ಹತ್ತಿರದ ಯಾರ ಮನೆಗೆ ರಾತ್ರಿ ಹೋಗಬಹುದು ಎಂಬುದನ್ನು ಇವತ್ತು ಹಗಲಿನಲ್ಲೇ ಕೇಳಿಟ್ಟುಕೊಳ್ಳಿ.