ದಾದರ್ ಸೇತುವೆಯ ಬೆನ್ನಟ್ಟುವ ದೃಶ್ಯಕ್ಕೆ ಎಷ್ಟು ನಡುಕ?

«ದಾದರ್ ನಿಲ್ದಾಣದ ಸೇತುವೆಯ ಮೇಲೆ ರಾತ್ರಿ ಬೆನ್ನಟ್ಟುವ ದೃಶ್ಯ. ಕ್ಯಾಮೆರಾ ಕೈಯಲ್ಲಿ ಹಿಡಿದು ಆಮೇಲೆ ಸ್ಟೆಬಿಲೈಸ್ ಮಾಡಿದರೆ ಸಾಕೇ? ತಲೆಸುತ್ತು ಬರಬಾರದು.»

ಪೂರ್ತಿ ಸ್ಟೆಬಿಲೈಸ್ ಮಾಡಿದರೆ ಆತಂಕವೇ ಸತ್ತುಹೋಗುತ್ತದೆ. 24 ಮಿ.ಮೀ. ಲೆನ್ಸ್ ಹಾಕಿ ಹತ್ತಿರದಿಂದಲೇ ಹಿಂಬಾಲಿಸಿ. 85 ಮಿ.ಮೀ. ಲೆನ್ಸಿನಲ್ಲಿ ಕೈಯ ಸಣ್ಣ ಅದುರೂ ದೊಡ್ಡದಾಗಿ ಕಾಣುತ್ತದೆ. ಓಡುವವನ ಕತ್ತು ಚೌಕಟ್ಟಿನಲ್ಲಿ ಒಂದೇ ಜಾಗದಲ್ಲಿರಲಿ, ಕಂಬಿ, ಜನ, ದೀಪಗಳು ಎಷ್ಟಾದರೂ ಕುಲುಕಲಿ. ಕಣ್ಣಿಗೆ ಆಸರೆ ಸಿಕ್ಕರೆ ತಲೆಸುತ್ತು ಅಷ್ಟಾಗಿ ಕಾಡುವುದಿಲ್ಲ.

ಶಟರ್ 1/50ರಲ್ಲಿ ತೆಗೆದು ಸ್ಟೆಬಿಲೈಸ್ ಮಾಡಿದರೆ ಅಲುಗಾಟ ಹೋಗುತ್ತದೆ, ಮಸುಕು ಮಾತ್ರ ಉಳಿಯುತ್ತದೆ: ನಿಂತ ಚಿತ್ರ ಕಾರಣವಿಲ್ಲದೆ ಆಗಾಗ ಮಂಜಾಗುತ್ತದೆ. ಕಿರಿಕಿರಿ ಅಲ್ಲೇ ಹುಟ್ಟುವುದು. 1/100 ಇಡಿ, ನಮ್ಮ 50 ಹರ್ಟ್ಸ್ ಟ್ಯೂಬ್‌ಲೈಟುಗಳಡಿ ಪಟ್ಟಿಯೂ ಮೂಡುವುದಿಲ್ಲ. ಬೆಳಕು ಅರ್ಧಕ್ಕಿಳಿಯುತ್ತದೆ, ಐಎಸ್‌ಒ ಏರಿಸಲೇಬೇಕು. ಪ್ರೀಮಿಯರ್‌ನ Warp Stabilizer ಬಳಸುವುದಾದರೆ Smoothness ಮೊದಲಿಗೆ ತಾನಾಗಿಯೇ 50% ಇರುತ್ತದೆ. 10ರ ಆಸುಪಾಸಿಗೆ ಇಳಿಸಿ, ದೊಡ್ಡ ಪರದೆಯಲ್ಲಿ ನೋಡಿ. ಮೊಬೈಲ್ ಎಲ್ಲವನ್ನೂ ಮುಚ್ಚಿಹಾಕುತ್ತದೆ.