ಬಿಸಿ ನೀರಿನ ವಾಶ್‌ಗೆ ಕರೆಂಟ್ ಜಾಸ್ತಿ ಯಾಕೆ?

"60 ಡಿಗ್ರಿಗೆ ಇಟ್ಟರೆ ಮುಕ್ಕಾಲು ಯೂನಿಟ್‌ಗೂ ಜಾಸ್ತಿ ಓಡುತ್ತೆ, ತಣ್ಣೀರಲ್ಲಿ ಕಾಲು ಯೂನಿಟ್ಟೂ ಇಲ್ಲ. ಮೋಟಾರ್ ಕೆಟ್ಟಿದೆಯಾ?"

ಮೋಟಾರ್ ಪಾಪ, ಅದರದೇನೂ ತಪ್ಪಿಲ್ಲ ಸಾರ್. ಕರೆಂಟ್ ಎಳೆಯುತ್ತಿರುವುದು ಡ್ರಮ್ ಕೆಳಗಿನ ಹೀಟರ್.

ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು 4.2 ಕಿಲೋಜೂಲ್ ಬೇಕು. ಚಿಕ್ಕಮಗಳೂರಿನ ಚಳಿಗೆ ಟ್ಯಾಂಕ್ ನೀರು 20 ಡಿಗ್ರಿ ಅಂತಿಟ್ಟುಕೊಳ್ಳಿ. ಫ್ರಂಟ್ ಲೋಡ್ ಮೆಷಿನ್ ಸೋಪಿನಲ್ಲಿ ಒಗೆಯುವಾಗ ಸುಮಾರು 15 ಲೀಟರ್ ತುಂಬಿಕೊಳ್ಳುತ್ತದೆ. 60ಕ್ಕೆ ಏರಿಸಲು:

15 × 40 × 4.2 = 2520 ಕಿಲೋಜೂಲ್

ಒಂದು ಯೂನಿಟ್ ಅಂದರೆ 3600 ಕಿಲೋಜೂಲ್. ಭಾಗಿಸಿದರೆ 0.7 ಯೂನಿಟ್. ಬಟ್ಟೆ, ಡ್ರಮ್ಮೂ ಕಾಯಬೇಕಲ್ವಾ, ಅದಕ್ಕೆ ಇನ್ನಷ್ಟು. ಮೋಟಾರ್ ಸರಾಸರಿ 150 ವ್ಯಾಟ್‌ನಂತೆ ಒಂದು ಗಂಟೆ ತಿರುಗಿದರೂ 0.15 ಯೂನಿಟ್ ಅಷ್ಟೇ.

ನಂಬಿಕೆ ಬರದಿದ್ದರೆ ಬೇರೆಲ್ಲ ಆಫ್ ಮಾಡಿ ಮೀಟರ್ ಮುಂದೆ ನಿಲ್ಲಿ. ಮೇಲೆ 3200 imp/kWh ಅಂತ ಇದ್ದರೆ, ಅಂದರೆ ಯೂನಿಟ್‌ಗೆ 3200 ಸಲ ಮಿಣುಕುವ ಮೀಟರ್ ಆದರೆ, 2000 ವ್ಯಾಟ್ ಹೀಟರ್ ಉರಿಯುವಾಗ ಕೆಂಪು ದೀಪ ನಿಮಿಷಕ್ಕೆ ನೂರಕ್ಕೂ ಜಾಸ್ತಿ ಸಲ ಮಿಣುಕುತ್ತದೆ, ಎಣಿಸೋಕೇ ಆಗಲ್ಲ. ಇಪ್ಪತ್ತು ಇಪ್ಪತ್ತೈದು ನಿಮಿಷವಾದ ಮೇಲೆ ಹೀಟರ್ ನಿಲ್ಲುತ್ತದೆ. ಆಮೇಲೆ ಎಂಟೋ ಹತ್ತೋ ಸಲ. ಜಾಲಾಡುವುದು ತಣ್ಣೀರಲ್ಲೇ.

ನಾನು ಹಾಸಿಗೆ ಹೊದಿಕೆಗೆ ಮಾತ್ರ 60 ಇಡುತ್ತೇನೆ. ದಿನದ ಬಟ್ಟೆಗೆ 30 ಸಾಕು. ಆಗ ಹೀಟರ್‌ಗೆ 0.18 ಯೂನಿಟ್ ಆಗುತ್ತದೆ.