ಜನರೇಟರ್ ಓಡುತ್ತೆ, ಕರೆಂಟ್ ಇಲ್ಲ: ಬಿಚ್ಚುವ ಮುಂಚೆ ಒಂದು ಬ್ಯಾಟರಿ ಟೆಸ್ಟ್

ಪ್ರಶ್ನೆ: ಮದ್ದೂರು ಹತ್ತಿರ ನಮ್ಮ ಆಲೆಮನೆಗೆ 15 ಕೆವಿಎ ತ್ರೀ ಫೇಸ್ ಜನರೇಟರ್ ಇದೆ, ಬ್ರಷ್ ಇಲ್ಲದ್ದು. ತಿಂಗಳುಗಟ್ಟಲೆ ಸುಮ್ನೆ ನಿಂತಿತ್ತು. ಈಗ ಇಂಜಿನ್ ಚೆನ್ನಾಗಿ ಓಡುತ್ತೆ, ಕರೆಂಟ್ ಬರ್ತಿಲ್ಲ. ವೈಂಡಿಂಗ್ ಹೋಗಿದೆ, ಬಿಚ್ಚಬೇಕು ಅಂತಾರೆ. ಹೌದಾ?

ಇನ್ನೂ ಬಿಚ್ಚಿಸಬೇಡಿ ಅಣ್ಣ. ವೈಂಡಿಂಗ್ ಹೋಗಿರಬಹುದು, ಆದರೆ ತಿಂಗಳುಗಟ್ಟಲೆ ನಿಂತ ಯಂತ್ರ ಅಂದರೆ ನನಗೆ ಮೊದಲು ಅನುಮಾನ ಬರುವುದು ಬೇರೆ ಕಡೆ.

ಎಕ್ಸೈಟರ್ ಅಂದರೆ ಆಲ್ಟರ್ನೇಟರ್ ಒಳಗಿನ ಪುಟ್ಟ ಜನರೇಟರ್, ರೋಟರ್‌ಗೆ ಕರೆಂಟ್ ಕೊಡುವುದು ಅದೇ. ಅದರ ಕಬ್ಬಿಣದಲ್ಲಿ ಸ್ವಲ್ಪ ಕಾಂತ ಸಾಮಾನ್ಯವಾಗಿ ಉಳಿದಿರುತ್ತದೆ. ಇಂಜಿನ್ ತಿರುಗಿದಾಗ ಅದರಿಂದ ಕೆಲವೇ ವೋಲ್ಟ್ ಹುಟ್ಟುತ್ತದೆ. ಅದನ್ನು ಎವಿಆರ್, ಅಂದರೆ ವೋಲ್ಟೇಜ್ ಹಿಡಿತದಲ್ಲಿಡುವ ಕಾರ್ಡ್, ತೆಗೆದುಕೊಂಡು ಎಕ್ಸೈಟರ್‌ನ ಫೀಲ್ಡ್ ಕಾಯಿಲ್‌ಗೆ ಕೊಡುತ್ತದೆ, ವೋಲ್ಟೇಜ್ ಇನ್ನಷ್ಟು ಏರುತ್ತದೆ, ಹಾಗೇ ಏರುತ್ತಾ 415ಕ್ಕೆ ಬಂದು ನಿಲ್ಲುತ್ತದೆ. ಈ ಸುತ್ತು ಎಲ್ಲಿ ಕಡಿದಿದೆ ಅಂತ ಹುಡುಕಬೇಕು, ಅಷ್ಟೇ.

ಮೇನ್ ಬ್ರೇಕರ್ ಆಫ್ ಮಾಡಿ. ಇಂಜಿನ್ ಪೂರ್ತಿ ವೇಗದಲ್ಲಿ, ಅಂದರೆ 1500 ಆರ್‌ಪಿಎಂನಲ್ಲಿ ಓಡಲಿ. ಪ್ಯಾನಲ್ ಮೀಟರ್ ನಂಬಬೇಡಿ, ಆಲ್ಟರ್ನೇಟರ್ ಮೇಲಿನ ಟರ್ಮಿನಲ್ ಬಾಕ್ಸ್‌ನಲ್ಲೇ ಮಲ್ಟಿಮೀಟರ್ ಇಟ್ಟು ನೋಡಿ. ಕೆಲವೊಮ್ಮೆ ಅಲ್ಲಿ ಸರಿಯಾಗಿ 415 ಇರುತ್ತದೆ, ಹೋಗಿರುವುದು ಬ್ರೇಕರ್ರೋ ಮೀಟರಿನ ಫ್ಯೂಸೋ ಆಗಿರುತ್ತದೆ! ನಾಲ್ಕೈದು ವೋಲ್ಟ್ ಅಥವಾ ಜಾಸ್ತಿ ತೋರಿಸಿದರೆ ಕಾಂತ ಹೋಗಿಲ್ಲ. ಸೊನ್ನೆ ಅಥವಾ ಒಂದು ವೋಲ್ಟಿನ ಆಸುಪಾಸು ಇದ್ದರೆ ಹೋಗಿರಬಹುದು. ಆದರೆ ರೋಟರ್ ಜೊತೆ ತಿರುಗುವ ಡಯೋಡ್ ಶಾರ್ಟ್ ಆಗಿದ್ದರೂ ಕಡಿಮೆಯೇ ತೋರಿಸುತ್ತದೆ, ಹಾಗಾಗಿ ಇದೊಂದನ್ನೇ ನೋಡಿ ತೀರ್ಮಾನ ಬೇಡ.

ಮುಂದಿನದು ಬ್ಯಾಟರಿ ಟೆಸ್ಟ್. ಎಲ್ಲವನ್ನೂ ಬೇರೆ ಬೇರೆ ಮಾಡಿ ತೋರಿಸುವುದು ಇದೇ. ಇಂಜಿನ್ ನಿಲ್ಲಿಸಿ. ಎವಿಆರ್‌ನಿಂದ ಫೀಲ್ಡ್‌ನ ಎರಡು ವೈರ್ ಬಿಚ್ಚಿ, ಪ್ಲಸ್ ಯಾವುದು ಮೈನಸ್ ಯಾವುದು ಅಂತ ಗುರುತು ಹಾಕಿ. ಎವಿಆರ್‌ಗೆ ಬರುವ ಉಳಿದ ವೈರ್‌ಗಳನ್ನೂ ಬಿಚ್ಚಿ ತುದಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಒಳ್ಳೆಯ ಎವಿಆರ್ ಕೂಡ ಸುಡಬಹುದು. ಸ್ಟಾರ್ಟಿಂಗ್ ಬ್ಯಾಟರಿ ಬೇಡ, ಬೇರೆ 12 ವೋಲ್ಟ್ ಬ್ಯಾಟರಿ ತನ್ನಿ. ಮಧ್ಯೆ ಒಂದು 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಸೀರೀಸ್‌ನಲ್ಲಿ ಹಾಕಿ, ಪ್ಲಸ್‌ಗೆ ಪ್ಲಸ್ ಕೊಡಿ. ಫೀಲ್ಡ್ ಕಾಯಿಲ್ ಸಾಮಾನ್ಯವಾಗಿ ಹತ್ತಿಪ್ಪತ್ತು ಓಮ್ ಇರುತ್ತದೆ, ಹಾಗಾಗಿ ಬಲ್ಬ್ ಉರಿದರೂ ತೀರಾ ಮಂಕಾಗಿರಬೇಕು. ಝಗ್ ಅಂತ ಉರಿದರೆ ಕಾಯಿಲ್ ಶಾರ್ಟ್. ಉರಿಯದಿದ್ದರೆ ಗಾಬರಿ ಬೇಡ, ಓಮ್ ಅಳೆದು ನೋಡಿ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಕಾಯಿಲ್ ಸರಿ ಇದ್ದರೆ ಬ್ಯಾಟರಿ ಹಾಗೇ ಇರಲಿ, ಇಂಜಿನ್ ಓಡಿಸಿ. ಈಗ ಟರ್ಮಿನಲ್‌ನಲ್ಲಿ ನಿಜವಾದ ಹೈ ವೋಲ್ಟೇಜ್ ಬರಬಹುದು, ಕೈ ದೂರ ಇಡಿ. ಮೂರೂ ಫೇಸ್ ಮಧ್ಯೆ ಅಳೆಯಿರಿ. ಮೂರೂ ಸಮವಾಗಿ 350, 400ರ ಹತ್ತಿರ ಬಂದರೆ ವೈಂಡಿಂಗ್, ಡಯೋಡ್, ರೋಟರ್ ಎಲ್ಲ ಚೆನ್ನಾಗಿವೆ ಅಂತಲೇ ಅರ್ಥ. ಮೂರೂ ಸಮ ಇದ್ದು ತೀರಾ ಕಡಿಮೆ, 100-150 ಬಂದರೆ ತಿರುಗುವ ಡಯೋಡ್ ಅಥವಾ ಎಕ್ಸೈಟರ್ ನೋಡಬೇಕು. ಎರಡು ಕಡೆ ಒಂದು ಲೆಕ್ಕ, ಇನ್ನೊಂದು ಕಡೆ ಬೇರೆ ಲೆಕ್ಕ ಬಂದರೆ, ಜೊತೆಗೆ ಲೋಡೇ ಇಲ್ಲದಿದ್ದರೂ ಇಂಜಿನ್ ಏದುಸಿರು ಬಿಟ್ಟು ಸುಟ್ಟ ವಾಸನೆ ಬಂದರೆ, ತಕ್ಷಣ ನಿಲ್ಲಿಸಿ. ಅದು ಸ್ಟೇಟರ್ ವೈಂಡಿಂಗ್. ರೀವೈಂಡಿಂಗ್ ಮಾತು ಆಗ ಬರಲಿ.

ಪಾಂಡವಪುರದ ಕಡೆ ನಮ್ಮ ನೆಂಟರ ಸೆಟ್ಟಿನಲ್ಲಿ ಹೀಗೇ ನೋಡಿದೆವು. ಮೊದಲು 6 ವೋಲ್ಟ್ ಇತ್ತು, ಅಂದರೆ ಕಾಂತ ಇದೆ. ಬ್ಯಾಟರಿ ಕೊಟ್ಟಾಗ 388, 390, 389. ಹಾಗಾದರೆ ಎವಿಆರ್ ಹೋಗಿದೆ ಅಂತ ಹೊಸದು ತರಲು ಹೊರಟಿದ್ದರು. ನಾನು ನಿಲ್ಲಿಸಿ, ಎವಿಆರ್ ಮತ್ತೆ ಜೋಡಿಸಿ, ಅದರ ಇನ್‌ಪುಟ್ ಟರ್ಮಿನಲ್‌ನಲ್ಲೇ ಆ 6 ವೋಲ್ಟ್ ಬರುತ್ತಿದೆಯಾ ನೋಡಿ ಅಂದೆ. ಬರುತ್ತಿರಲಿಲ್ಲ. ಟರ್ಮಿನಲ್ ಬಾಕ್ಸ್‌ನಿಂದ ಬರುವ ವೈರನ್ನು ಇಲಿ ಕಚ್ಚಿತ್ತು. ಅಲ್ಲಿಗೆ ವೋಲ್ಟ್ ತಲುಪಿ, ಫ್ಯೂಸ್ ಸರಿ ಇದ್ದೂ ವೋಲ್ಟೇಜ್ ಏರದಿದ್ದರೆ ಮಾತ್ರ ಎವಿಆರ್ ಬದಲಿಸಿ.

ನಿಮ್ಮದರಲ್ಲಿ ಬ್ಯಾಟರಿ ಟೆಸ್ಟ್ ಸರಿ ಬಂದು, ಮೊದಲಿನ ಅಳತೆ ಮಾತ್ರ ಸೊನ್ನೆ ಇತ್ತು ಅಂದುಕೊಳ್ಳಿ. ಆಗ ರಿಪೇರಿ ಆಗಲೇ ಆಗಿರಬಹುದು, ಏಕೆಂದರೆ ಆ ಟೆಸ್ಟ್‌ನಲ್ಲೇ ಕಬ್ಬಿಣಕ್ಕೆ ಕಾಂತ ಮತ್ತೆ ಹತ್ತಿರುತ್ತದೆ. ಇಂಜಿನ್ ನಿಲ್ಲಿಸಿ, ಬ್ಯಾಟರಿ ತೆಗೆದು, ಎವಿಆರ್ ವೈರ್ ಹಿಂದಿನಂತೆ ಕೂರಿಸಿ ಓಡಿಸಿ ನೋಡಿ. ಪ್ಲಸ್ ಮೈನಸ್ ತಿರುಗಾ ಮುರುಗಾ ಆದರೆ ಮತ್ತೆ ವೋಲ್ಟೇಜ್ ಏರದೇ ಇರಬಹುದು. ನಾಲ್ಕು ದಿನ ಬಿಟ್ಟು ಪುನಃ ಸೊನ್ನೆಗೆ ಬಂದರೆ, ಲೋಡ್ ಹಾಕಿಕೊಂಡೇ ಇಂಜಿನ್ ಆಫ್ ಮಾಡುತ್ತಿದ್ದೀರಾ ನೋಡಿಕೊಳ್ಳಿ. ಮೊದಲು ಬ್ರೇಕರ್, ಆಮೇಲೆ ಇಂಜಿನ್.